ಬಾಲಚುಕ್ಕಿಯ ಬಾಲ ಅದರ ಹಿಂದೆಯೇ ಯಾಕೆ ಇರುವುದಿಲ್ಲ?

ಪ್ರಶ್ನೆ: 2024ರಲ್ಲಿ ಬಂದ ಬಾಲಚುಕ್ಕಿಯ ಎರಡು ಫೋಟೋ ನಮ್ಮ ಶಾಲೆಯ ಮಕ್ಕಳ ಹತ್ತಿರ ಇವೆ. ಒಂದು ಸೆಪ್ಟೆಂಬರ್ ಕೊನೆಯ ಬೆಳಗಿನ ಜಾವದ್ದು, ಇನ್ನೊಂದು ಅಕ್ಟೋಬರ್ ಮಧ್ಯದ ಸಂಜೆಯದು. ಎರಡರಲ್ಲೂ ಬಾಲ ಮೇಲಕ್ಕೇ ಇದೆ. ಸೂರ್ಯನಿಂದ ದೂರ ಹೋಗುವಾಗ ಬಾಲ ಮುಂದೆ ಇರುತ್ತದಾ? ಗಾಳಿಯೇ ಇಲ್ಲದ ಕಡೆ ಅದನ್ನು ತಳ್ಳುವುದು ಯಾರು? ಬೆಳಕು ತಳ್ಳುತ್ತದೆ ಅಂದರೆ ಒಬ್ಬ ಹುಡುಗ, "ಹಾಗಾದ್ರೆ ಬಿಸಿಲಲ್ಲಿ ನಿಂತ್ರೆ ನಾವ್ಯಾಕೆ ಬೀಳಲ್ಲ ಮಿಸ್?" ಅಂತ ಕೇಳಿದ. ಇಂಟರ್ನೆಟ್ಟಿನ ಒಂದು ಚಿತ್ರದಲ್ಲಂತೂ ಸೂರ್ಯನ ಕಡೆಗೇ ಸೂಜಿಯಂಥ ಇನ್ನೊಂದು ಬಾಲ ಇತ್ತು. ನಾನು ಪಾಠ ಮಾಡಿದ್ದೇ ತಪ್ಪಾ ಅನ್ನಿಸಿತು. ತರಗತಿಯಲ್ಲಿ ಫ್ಯಾನಿನ ಮುಂದೆ ರಿಬ್ಬನ್ ಹಿಡಿದು ಇದನ್ನು ತೋರಿಸಬಹುದಾ?
— ಪ್ರೌಢಶಾಲೆ ವಿಜ್ಞಾನ ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ಮೇಡಂ, ಮಕ್ಕಳು ತೆಗೆದ ಆ ಎರಡು ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬೆಳಗಿನ ಚಿತ್ರದಲ್ಲಿ ಸೂರ್ಯ ಇನ್ನೂ ಹುಟ್ಟಿರಲಿಲ್ಲ, ಪೂರ್ವದಲ್ಲಿ ನೆಲದ ಅಂಚಿನ ಕೆಳಗಿದ್ದ. ಸಂಜೆಯ ಚಿತ್ರದಲ್ಲಿ ಆಗಷ್ಟೇ ಮುಳುಗಿ ಪಶ್ಚಿಮದಲ್ಲಿ ಕೆಳಗಿದ್ದ. ಎರಡು ಸಲವೂ ಸೂರ್ಯ ಕೆಳಗೆ, ಬಾಲ ಮೇಲೆ.

ಈಗ ನಮ್ಮ ಆಕಾಶದಲ್ಲಿ ಬಾಲಚುಕ್ಕಿ ಯಾವ ಕಡೆ ಹೋಗುವ ಹಾಗೆ ಕಾಣುತ್ತಿತ್ತು ಅಂತ ನೋಡಿ. ಅಕ್ಟೋಬರ್ ಮೊದಲ ದಿನಗಳಲ್ಲಿ ಅದು ದಿನದಿನಕ್ಕೂ ಬೆಳಗಿನ ಬೆಳಕಿನೊಳಗೆ ಇಳಿಯುತ್ತಿತ್ತು. ಅಂದರೆ ಇಳಿಯುವಾಗ ಬಾಲ ಅದರ ಹಿಂದೆ ಇತ್ತು. ಅಕ್ಟೋಬರ್ ಮಧ್ಯದಲ್ಲಿ ಪ್ರತಿ ಸಂಜೆ ಹಿಂದಿನ ದಿನಕ್ಕಿಂತ ಮೇಲೆ ಕಾಣುತ್ತಿತ್ತು. ಅಂದರೆ ಏರುವಾಗ ಬಾಲ ಅದರ ಮುಂದೆ ಇತ್ತು. ನಿಮ್ಮ ಅನುಮಾನ ಸರಿ. ಸೂರ್ಯನಿಂದ ದೂರ ಹೋಗುವ ಬಾಲಚುಕ್ಕಿ ಬಾಲವನ್ನು ಮುಂದಿಟ್ಟುಕೊಂಡೇ ಹೋಗುತ್ತದೆ. ಬಸ್ಸಿನ ಹಿಂದಿನ ಧೂಳಿನ ಹಾಗೆ, ರಾಕೆಟ್ಟಿನ ಹೊಗೆಯ ಹಾಗೆ ಬಾಲ ಹಿಂದೆ ಬರುತ್ತದೆ ಅಂತ ನಾವೆಲ್ಲ ಸುಮ್ನೆ ಅಂದುಕೊಂಡುಬಿಟ್ಟಿರುತ್ತೇವೆ. ಅದನ್ನು ಮೊದಲು ಬಿಡಬೇಕು.

ಇದು ಹೊಸ ವಿಷಯವೂ ಅಲ್ಲ. ಜರ್ಮನಿಯ ಪೀಟರ್ ಆಪಿಯನ್ 1531ರಲ್ಲಿ ಬಂದ ಧೂಮಕೇತುವನ್ನು ದಿನದಿನವೂ ನೋಡಿ, ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿಯೇ ಇರುತ್ತದೆ ಅಂತ ಬರೆದ. ಅದು ಈಗ ನಾವು ಹ್ಯಾಲಿ ಎಂದು ಕರೆಯುವ ಧೂಮಕೇತು. ಚೀನಾದವರು ಅದಕ್ಕೂ ಎಷ್ಟೋ ಶತಮಾನ ಮೊದಲೇ ಇದನ್ನು ಗಮನಿಸಿದ್ದರು. 1619ರಲ್ಲಿ ಕೆಪ್ಲರ್, ಸೂರ್ಯನ ಕಿರಣಗಳೇ ಧೂಮಕೇತುವಿನ ವಸ್ತುವನ್ನು ಆಚೆ ಒಯ್ಯುತ್ತವೆ ಅಂತ ಊಹಿಸಿದ. ಊಹೆ ಸರಿಯಾಗಿತ್ತು. ಆದರೆ ಬೆಳಕು ತಳ್ಳುತ್ತದೆ ಅನ್ನುವುದನ್ನು ಪ್ರಯೋಗದಲ್ಲಿ ತೋರಿಸಲು 1901ರವರೆಗೆ ಕಾಯಬೇಕಾಯಿತು. ಮಾಸ್ಕೋದ ಲೆಬೆದೆವ್ ಅದನ್ನು ಅಳೆದು ಪ್ರಕಟಿಸಿದ. ಅದು ಯಾಕೆ ಅಷ್ಟು ಕಷ್ಟವಾಯಿತು ಅನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ. ನಿಮ್ಮ ತರಗತಿಯ ಪ್ರಯೋಗಕ್ಕೂ ಅದಕ್ಕೂ ನೇರ ಸಂಬಂಧ ಇದೆ.

ಬಿಸಿಲಲ್ಲಿ ನಾವ್ಯಾಕೆ ಬೀಳಲ್ಲ?

ಆ ಹುಡುಗನ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಅವನಿಗೆ ಲೆಕ್ಕವನ್ನೇ ಕೊಡಿ.

ಭೂಮಿ ಇರುವಷ್ಟು ದೂರದಲ್ಲಿ, ವಾತಾವರಣದ ಮೇಲೆ, ಪ್ರತಿ ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬಿಸಿಲು ಬೀಳುತ್ತದೆ. ಆ ಶಕ್ತಿಯನ್ನು ಬೆಳಕಿನ ವೇಗದಿಂದ ಭಾಗಿಸಿದರೆ ಬೆಳಕಿನ ಒತ್ತಡ ಸಿಗುತ್ತದೆ. ಅದು ಒಂದು ನ್ಯೂಟನ್‌ನ ಹತ್ತು ಲಕ್ಷದಲ್ಲಿ ನಾಲ್ಕೂವರೆ ಪಾಲು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದು ಚದರ ಮೀಟರ್ ಹಲಗೆಯ ಮೇಲೆ ಅರ್ಧ ಮಿಲಿಗ್ರಾಂ ಇಟ್ಟಷ್ಟು ಭಾರ. ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯ ಇಡೀ ತಾರಸಿಯ ಮೇಲೆ ಮಧ್ಯಾಹ್ನದ ಬಿಸಿಲು ಹಾಕುವ ಭಾರ ಮೂರ್ನಾಲ್ಕು ಅಕ್ಕಿಕಾಳಿನಷ್ಟು. ಬಿಸಿಲು ಹುಡುಗನನ್ನೂ ತಳ್ಳುತ್ತಿದೆ. ಅವನಿಗೆ ಗೊತ್ತಾಗುವಷ್ಟು ಇಲ್ಲ, ಅಷ್ಟೇ.

ಇಷ್ಟು ಸಣ್ಣ ತಳ್ಳು ಕೋಟಿಗಟ್ಟಲೆ ಕಿಲೋಮೀಟರ್ ಬಾಲವನ್ನು ಹೇಗೆ ಮಾಡುತ್ತದೆ? ಕಣದ ಗಾತ್ರದಲ್ಲಿ ಅದರ ಗುಟ್ಟಿದೆ. ಬೆಳಕು ಬೀಳುವುದು ಕಣದ ಮುಖದ ಮೇಲೆ, ಅಂದರೆ ವಿಸ್ತಾರದ ಮೇಲೆ. ಸೂರ್ಯ ಎಳೆಯುವುದು ಅದರ ಪೂರ್ತಿ ತೂಕವನ್ನು. ಕಣದ ಅಡ್ಡಳತೆ ಅರ್ಧವಾದರೆ ಮುಖ ಕಾಲು ಭಾಗವಾಗುತ್ತದೆ, ತೂಕ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮುಖಕ್ಕಿಂತ ತೂಕ ಬೇಗ ಕಮ್ಮಿಯಾಗುತ್ತದೆ. ಹಾಗಾಗಿ ಕಣ ಸಣ್ಣದಾದಷ್ಟೂ ಎಳೆತದ ಎದುರು ತಳ್ಳಿನ ಕೈ ಮೇಲಾಗುತ್ತಾ ಹೋಗುತ್ತದೆ.

ಒಂದು ಕಣವನ್ನೇ ಹಿಡಿದು ಲೆಕ್ಕ ಮಾಡೋಣ. ಒಂದು ಮೈಕ್ರಾನ್ ತ್ರಿಜ್ಯದ ಉಂಡೆ ಅಂದುಕೊಳ್ಳಿ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಸಾಂದ್ರತೆ ನೀರಿನಷ್ಟೇ ಇರಲಿ. ಬಿದ್ದ ಬೆಳಕನ್ನೆಲ್ಲ ಅದು ಹೀರಿಕೊಳ್ಳುತ್ತದೆ ಅಂತಿಟ್ಟುಕೊಳ್ಳೋಣ. ಭೂಮಿಯಷ್ಟು ದೂರದಲ್ಲಿ ಸೂರ್ಯನ ಎಳೆತ ಅದರ ಮೇಲೆ 100 ಇದ್ದರೆ, ಬೆಳಕಿನ ತಳ್ಳು ಸುಮಾರು 57 ಬರುತ್ತದೆ. ಅರ್ಧಕ್ಕಿಂತ ಜಾಸ್ತಿ! ಅದೇ ಕಣ ಹತ್ತು ಮೈಕ್ರಾನ್ ಆಗಿದ್ದರೆ ತಳ್ಳು 100ಕ್ಕೆ ಬರೀ 5.7. ಸಾಸಿವೆ ಕಾಳಿನಷ್ಟು ದಪ್ಪ, ಅಂದರೆ ಒಂದು ಮಿಲಿಮೀಟರ್ ತ್ರಿಜ್ಯವಾದರೆ 100ಕ್ಕೆ 0.057. ಇನ್ನು ಬಾಲಚುಕ್ಕಿಯ ನಡುವೆ ಇರುವ, ಕಿಲೋಮೀಟರ್ ಲೆಕ್ಕದ ಹಿಮಗಡ್ಡೆಗೆ ಈ ತಳ್ಳು ಇದ್ದೂ ಇಲ್ಲದ ಹಾಗೆ.

ಎಳೆತಕ್ಕೂ ತಳ್ಳಿಗೂ ಇರುವ ಈ ಅನುಪಾತವನ್ನು ನಮ್ಮ ಕೆಲಸದಲ್ಲಿ ಬೀಟಾ ಅನ್ನುತ್ತೇವೆ. ನಮ್ಮ ಕಣದ ಬೀಟಾ 0.57. ಇದರಲ್ಲಿ ಒಂದು ಅನುಕೂಲ ಇದೆ. ಸೂರ್ಯನಿಂದ ದೂರ ಎರಡು ಪಟ್ಟಾದರೆ ಬೆಳಕೂ ಕಾಲು ಭಾಗವಾಗುತ್ತದೆ, ಎಳೆತವೂ ಕಾಲು ಭಾಗವಾಗುತ್ತದೆ. ಎರಡೂ ಒಂದೇ ಲೆಕ್ಕದಲ್ಲಿ ಇಳಿಯುವುದರಿಂದ ಬೀಟಾ ಬದಲಾಗುವುದಿಲ್ಲ. ಕಣ ಎಲ್ಲೇ ಇರಲಿ, ಅದರ ಪಾಲಿಗೆ ಸೂರ್ಯ 57% ಹಗುರ.

ಹಾಗಂತ ಸಣ್ಣದಾದಷ್ಟೂ ಬೀಟಾ ಏರುತ್ತಲೇ ಹೋಗುವುದಿಲ್ಲ. ಕಣದ ಗಾತ್ರ ಬೆಳಕಿನ ಅಲೆಯ ಉದ್ದಕ್ಕಿಂತ, ಅಂದರೆ ಸುಮಾರು ಅರ್ಧ ಮೈಕ್ರಾನಿಗಿಂತ, ತೀರಾ ಸಣ್ಣದಾದರೆ ಬೆಳಕು ಅದನ್ನು ಸರಿಯಾಗಿ ಹಿಡಿಯುವುದೇ ಇಲ್ಲ. ತಳ್ಳು ಮತ್ತೆ ಕುಸಿಯುತ್ತದೆ. ಕಾರ್ಲ್ ಶ್ವಾರ್ಜ್‌ಚೈಲ್ಡ್ 1901ರಲ್ಲೇ ಈ ಲೆಕ್ಕ ಮಾಡಿದ್ದ. ಕಣ ಯಾವುದರಿಂದ ಆಗಿದೆ ಅನ್ನುವುದೂ ಮುಖ್ಯ. ಮಸಿಯಂಥ ಕಪ್ಪು ಇಂಗಾಲದ ಕಣಕ್ಕೆ ಬೀಟಾ ಒಂದನ್ನು ದಾಟಬಹುದು. ಗಾಜಿನ ಪುಡಿಯಂತೆ ಬೆಳಕನ್ನು ಒಳಗೆ ಬಿಡುವ ಕಣಕ್ಕೆ ಅಷ್ಟು ಬರುವುದಿಲ್ಲ. ರೊಸೆಟ್ಟಾ ನೌಕೆ 2014ರಿಂದ 2016ರವರೆಗೆ 67ಪಿ ಧೂಮಕೇತುವಿನ ಜೊತೆಯಲ್ಲೇ ಇದ್ದು ಧೂಳನ್ನು ಹಿಡಿದು ನೋಡಿದಾಗ, ಹತ್ತಿಯ ಹಾಗೆ ಸಡಿಲವಾಗಿ ಹೆಣೆದುಕೊಂಡ ಕಣಗಳೂ ಸಿಕ್ಕವು. ಅಂಥವುಗಳಿಗೆ ಗಾತ್ರಕ್ಕೆ ಹೋಲಿಸಿದರೆ ತೂಕ ಕಮ್ಮಿ, ಹಾಗಾಗಿ ಬೀಟಾ ಜಾಸ್ತಿ. ನಾನು ಲೆಕ್ಕಕ್ಕೆ ತೆಗೆದುಕೊಂಡ ಗುಂಡನೆಯ ಕಣ ಒಂದು ಸುಲಭದ ಮಾದರಿ, ಅಷ್ಟು ನೆನಪಿರಲಿ.

ಹಿಡಿತ ಸಡಿಲವಾದ ಕಣ

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಕಣದ ಮೇಲೆ ಎಳೆತ 100, ತಳ್ಳು 57. ಅಂದರೆ ಇನ್ನೂ 43 ಎಳೆತ ಉಳಿದಿದೆ. ಆ ಕಣ ಈಗಲೂ ಸೂರ್ಯನ ಕಡೆಗೇ ಸೆಳೆಯಲ್ಪಡುತ್ತಿದೆ! ಹಾಗಿದ್ದೂ ಅದು ಬಾಲಚುಕ್ಕಿಯಿಂದ ಆಚೆ ಹೋಗುತ್ತದೆ. ಹೇಗೆ?

ನಿಮ್ಮ ಜಿಲ್ಲೆಯಿಂದ ಶಿರಾಡಿ ಘಾಟಿ ಇಳಿದಿದ್ದೀರಲ್ವಾ? ಎರಡು ಗಾಡಿ ಒಂದೇ ವೇಗದಲ್ಲಿ ಒಂದೇ ತಿರುವಿಗೆ ಬರುತ್ತವೆ ಅಂದುಕೊಳ್ಳಿ. ಒಂದರ ಟೈರು ಹೊಸದು, ರಸ್ತೆ ಹಿಡಿದುಕೊಂಡು ತಿರುಗುತ್ತದೆ. ಇನ್ನೊಂದರ ಟೈರು ಸವೆದಿದೆ. ಅದೂ ತಿರುಗುತ್ತದೆ, ಆದರೆ ತಿರುವು ಅಗಲವಾಗಿ ರಸ್ತೆಯ ಹೊರ ಅಂಚಿಗೆ ಜಾರುತ್ತದೆ. ಅದನ್ನು ಯಾರೂ ಹೊರಗೆ ಎಸೆಯಲಿಲ್ಲ. ಒಳಕ್ಕೆ ತಿರುಗಿಸುವ ಹಿಡಿತ ಕಮ್ಮಿಯಾಯಿತು. ಬಾಲಚುಕ್ಕಿ ಹೊಸ ಟೈರಿನ ಗಾಡಿ. ಧೂಳಿನ ಕಣ ಸವೆದ ಟೈರಿನದು. ಸೂರ್ಯನನ್ನು ಸುತ್ತುವ ತಿರುವಿನಲ್ಲಿ ಇಬ್ಬರೂ ಒಂದೇ ವೇಗದಲ್ಲಿ ಬಂದರು. ಬಿಸಿಲಿನಿಂದ ಹಿಡಿತ ಸಡಿಲವಾದ ಕಣ ಹೊರಕ್ಕೆ ಜಾರಿತು. ಹೊರಕ್ಕೆ ಅಂದರೆ ಸೂರ್ಯನಿಗೆ ಬೆನ್ನು ಮಾಡಿದ ದಿಕ್ಕಿಗೆ.

ನಿಮ್ಮ ಮಕ್ಕಳು ತೆಗೆದ ಬಾಲಚುಕ್ಕಿಯ ಹೆಸರು ತ್ಸುಚಿನ್‌ಶಾನ್-ಅಟ್ಲಾಸ್. ಅದರ ಪಟ್ಟಿ ಹೆಸರು C/2023 A3. ಅದು ಸೂರ್ಯನಿಗೆ ಅತಿ ಹತ್ತಿರ ಬಂದದ್ದು 2024ರ ಸೆಪ್ಟೆಂಬರ್ 27ರಂದು. ಆಗ ಸೂರ್ಯನಿಂದ ಅದರ ದೂರ, ಸೂರ್ಯ-ಭೂಮಿ ದೂರದ 0.39 ಪಾಲು. ವೇಗ ಸೆಕೆಂಡಿಗೆ ಸುಮಾರು 67 ಕಿಲೋಮೀಟರ್. ಅಲ್ಲಿ ಸೂರ್ಯನ ಹಿಡಿತದಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಮ್ಮ ಕಣಕ್ಕೆ ಸೂರ್ಯನ ಎಳೆತ ಬರೀ 43%. ಅದು ತಪ್ಪಿಸಿಕೊಳ್ಳಲು ಸೆಕೆಂಡಿಗೆ 44 ಕಿಲೋಮೀಟರ್ ಸಾಕು. ಅದರ ಕೈಯಲ್ಲಿ ಆಗಲೇ 67 ಇದೆ. ಹಾಗಾಗಿ ಆ ಕಣ ಸೂರ್ಯನ ಹತ್ತಿರಕ್ಕೆ ಮತ್ತೆ ಬರುವ ಮಾತೇ ಇಲ್ಲ.

ಸೆಪ್ಟೆಂಬರ್ 27ರಂದು ಹಿಮ ಆವಿಯಾಗಿ ಹೊರಗೆ ನುಗ್ಗುವ ಗ್ಯಾಸ್ ಈ ಕಣವನ್ನು ಎತ್ತಿ ಬಿಟ್ಟಿತು ಅಂದುಕೊಳ್ಳಿ. ಒಂದು ದಿನ ಕಳೆದಾಗ ಅದು ಬಾಲಚುಕ್ಕಿಯಿಂದ ಸುಮಾರು 80,000 ಕಿಲೋಮೀಟರ್ ಆಚೆ ಇರುತ್ತದೆ. ಅದೇ ಹೊತ್ತಿಗೆ ಹೊರಟ ಹತ್ತು ಮೈಕ್ರಾನ್ ಕಣ 8,000 ಕಿಲೋಮೀಟರ್ ಹೋಗಿರುತ್ತದೆ. ಸಾಸಿವೆಯಷ್ಟು ದಪ್ಪದ್ದು 80 ಕಿಲೋಮೀಟರ್ ಮಾತ್ರ. ಒಕ್ಕಣೆಯ ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಮೊರದಿಂದ ಒಟ್ಟಿಗೇ ಬಿದ್ದರೂ ಹೊಟ್ಟು ದೂರ ಹೋಗುತ್ತದೆ, ಜೊಳ್ಳು ನಡುವೆ ಬೀಳುತ್ತದೆ, ಗಟ್ಟಿ ಕಾಳು ಕಾಲಬುಡದಲ್ಲೇ ಉಳಿಯುತ್ತದೆ. ಬಾಲಚುಕ್ಕಿಯ ಬಾಲ ಗಾತ್ರದ ಪ್ರಕಾರ ತೂರಿದ ಧೂಳಿನ ರಾಶಿ.

ಬಾಲ ಬಾಗುವುದು ಯಾಕೆ

ಈ ಧೂಳಿನ ಬಾಲ ನೇರ ಗೆರೆಯಲ್ಲಿ ಇರುವುದಿಲ್ಲ. ಸ್ವಲ್ಪ ಬಾಗಿರುತ್ತದೆ. ಶಾಲೆಯ ಕ್ರೀಡಾಕೂಟದಲ್ಲಿ 400 ಮೀಟರ್ ಓಟ ಓಡಿಸುತ್ತೀರಲ್ಲ, ಹೊರಗಿನ ಲೇನಿನ ಮಕ್ಕಳನ್ನು ಮುಂದೆ ನಿಲ್ಲಿಸುವುದು ಯಾಕೆ? ತಿರುವಿನಲ್ಲಿ ಹೊರಗಿನವರ ದಾರಿ ಉದ್ದ. ಒಂದೇ ವೇಗದಲ್ಲಿ ಓಡಿದರೂ ಅವರು ಹಿಂದೆ ಬೀಳುತ್ತಾರೆ. ಹೊರಕ್ಕೆ ಜಾರಿದ ಕಣವೂ ಹಾಗೇ. ಜಾಸ್ತಿ ಹೊರಗೆ ಹೋದದ್ದು ಜಾಸ್ತಿ ಹಿಂದೆ ಬೀಳುತ್ತದೆ. ಹಾಗಾಗಿ ಬಾಲ ಸೂರ್ಯನ ವಿರುದ್ಧ ದಿಕ್ಕಿನಿಂದ ಕೊಂಚ ಸರಿದು, ಬಂದ ದಾರಿಯ ಕಡೆಗೆ ಬಾಗುತ್ತದೆ.

ಇನ್ನೊಂದು ವಿಷಯ. ನೀವು ಫೋಟೋದಲ್ಲಿ ನೋಡುವ ಬಾಲ ಒಂದು ಕಣ ನಡೆದ ದಾರಿ ಅಲ್ಲ. ನಿನ್ನೆ ಹೊರಟ ಕಣ, ಮೊನ್ನೆ ಹೊರಟದ್ದು, ಹೋದ ವಾರ ಹೊರಟದ್ದು, ಎಲ್ಲವೂ ಈ ಕ್ಷಣದಲ್ಲಿ ಎಲ್ಲೆಲ್ಲಿವೆಯೋ ಅದರ ಒಟ್ಟು ನೋಟ ಅದು. ಪ್ರತಿ ಕಣವೂ ತನ್ನದೇ ಕಕ್ಷೆಯಲ್ಲಿ ಹೋಗುತ್ತಿರುತ್ತದೆ. ಬಾಲಚುಕ್ಕಿ ತಿರುಗಿದ ಹಾಗೆ ಬಾಲವೂ ಕಡ್ಡಿಯಂತೆ ಗಿರ್ರನೆ ತಿರುಗುತ್ತದೆ ಅಂತ ಮಕ್ಕಳು ತಿಳಿಯುತ್ತಾರೆ. ಹಾಗಲ್ಲ. ಹಳೆಯ ಧೂಳು ಚದುರಿ ಮಸುಕಾಗುತ್ತದೆ, ಹೊಸ ಧೂಳು ಹೊಸ ದಿಕ್ಕಿಗೆ ಹೊರಡುತ್ತದೆ.

ಕೆಲವರು ಇದನ್ನೆಲ್ಲ ಸೌರ ಮಾರುತದ ತಲೆಗೆ ಕಟ್ಟುತ್ತಾರೆ. ಸೂರ್ಯನಿಂದ ಹೊರಡುವ ವಿದ್ಯುತ್ ಆವೇಶದ ಕಣಗಳ ಹರಿವು ಅದು, ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದ್ದು. ಆದರೆ ಅದರ ಒತ್ತಡ ಬೆಳಕಿನ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಕಮ್ಮಿ. ಧೂಳನ್ನು ಸರಿಸುವ ಶಕ್ತಿ ಅದಕ್ಕಿಲ್ಲ. ಅದರ ಕೆಲಸ ಬೇರೆ. ಬಾಲಚುಕ್ಕಿಯ ಗ್ಯಾಸಿನ ಅಣುಗಳು ಬಿಸಿಲಿಗೆ ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾದಾಗ, ಆ ಮಾರುತ ಹೊತ್ತು ತರುವ ಕಾಂತಕ್ಷೇತ್ರ ಅವನ್ನು ಹಿಡಿದು ಎಳೆದೊಯ್ಯುತ್ತದೆ. ಅದರಿಂದ ಆಗುವುದು ಎರಡನೆಯ ಬಾಲ. ತೆಳು, ನೀಲಿ, ಹೆಚ್ಚುಕಡಿಮೆ ನೇರ. 1951ರಲ್ಲಿ ಲುಡ್‌ವಿಗ್ ಬಿಯರ್‌ಮನ್ ಈ ನೀಲಿ ಬಾಲಗಳನ್ನು ನೋಡಿಯೇ ಸೂರ್ಯನಿಂದ ಇಂಥದ್ದೊಂದು ಹರಿವು ಇರಲೇಬೇಕು ಅಂತ ಹೇಳಿದ. ಆಗ ಇನ್ನೂ ಒಂದು ಬಾಹ್ಯಾಕಾಶ ನೌಕೆಯೂ ಹಾರಿರಲಿಲ್ಲ. ಮೊಬೈಲ್ ಫೋಟೋದಲ್ಲಿ ಕಾಣುವ ಅಗಲವಾದ ಹಳದಿ-ಬಿಳಿ ಬಾಲ ಧೂಳಿನದು. ನೀಲಿಯದು ಒಳ್ಳೆ ಕ್ಯಾಮೆರಾಗೆ ಮಾತ್ರ ಸಿಗುತ್ತದೆ.

ಸೂರ್ಯನ ಕಡೆಗೆ ತೋರಿದ ಸೂಜಿ

ನಿಮಗೆ ಹೆಚ್ಚು ಕಾಟ ಕೊಟ್ಟದ್ದು ಇದೇ ಅನ್ನಿಸುತ್ತದೆ. ಆ ಚಿತ್ರ ನಿಜವಾದದ್ದೇ. ಅಕ್ಟೋಬರ್ 14ರ ಆಸುಪಾಸಿನಲ್ಲಿ ಎಷ್ಟೋ ಜನ ಅದನ್ನು ತೆಗೆದಿದ್ದಾರೆ. ನೀವು ಪಾಠ ಮಾಡಿದ್ದೂ ಸರಿ. ಎರಡೂ ಹೇಗೆ ಸರಿ ಅಂತ ನೋಡೋಣ.

ಜೋಳದ ರೊಟ್ಟಿಯೊಂದನ್ನು ಕೈಯಲ್ಲಿ ಹಿಡಿಯಿರಿ. ಎದುರಿಗೆ ಹಿಡಿದರೆ ದೊಡ್ಡ ವೃತ್ತ. ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದರೆ ಒಂದು ಗೆರೆ. ಬಾಲಚುಕ್ಕಿ ಬಿಟ್ಟ ಧೂಳು ಅದರ ಕಕ್ಷೆಯ ಸಮತಲದಲ್ಲೇ ಹರಡಿರುತ್ತದೆ, ಯಾಕೆಂದರೆ ಎಳೆತವೂ ತಳ್ಳೂ ಆ ಸಮತಲದೊಳಗೇ ಕೆಲಸ ಮಾಡುತ್ತವೆ. ಹಾಗಾಗಿ ಧೂಳು ಒಂದು ದೊಡ್ಡ ತೆಳು ರೊಟ್ಟಿಯ ಹಾಗೆ ಇರುತ್ತದೆ. ಭೂಮಿ ಆ ಸಮತಲವನ್ನು ದಾಟುವ ಒಂದೆರಡು ದಿನ ನಾವು ಆ ರೊಟ್ಟಿಯನ್ನು ಅಂಚಿನಿಂದ ನೋಡುತ್ತೇವೆ. ಬೇರೆ ದಿನ ಹರಡಿಕೊಂಡು ಕಾಣದಷ್ಟು ಮಸುಕಾಗಿದ್ದ ಧೂಳು ಆಗ ಒಂದೇ ಗೆರೆಯಲ್ಲಿ ಒಟ್ಟಾಗಿ ಹೊಳೆಯುತ್ತದೆ. ಅದಕ್ಕೇ ಅಷ್ಟು ಚೂಪು.

ಅದು ಸೂರ್ಯನ ಕಡೆ ಯಾಕೆ ತೋರಿತು? ಆ ಸೂಜಿಯಲ್ಲಿ ಇರುವುದು ದಪ್ಪ ಕಣಗಳು, ನಮ್ಮ ಗಟ್ಟಿ ರಾಗಿ ಕಾಳುಗಳು. ವಾರಗಟ್ಟಲೆ, ತಿಂಗಳುಗಟ್ಟಲೆ ಹಿಂದೆ ಹೊರಟಿದ್ದರೂ ಅವು ಬಾಲಚುಕ್ಕಿಯ ಕಕ್ಷೆಯ ಹತ್ತಿರದಲ್ಲೇ ಇವೆ, ಕೊಂಚ ಹೊರಗೆ, ಕೊಂಚ ಹಿಂದೆ. ಅಕ್ಟೋಬರ್ ಮಧ್ಯದಲ್ಲಿ ಬಾಲಚುಕ್ಕಿ ಸೂರ್ಯನನ್ನು ಸುತ್ತಿ ಹೊರಗೆ ಹೋಗುತ್ತಿತ್ತು. ಅಂದರೆ ಅದು ಬಂದ ದಾರಿ ಸೂರ್ಯನ ಪಕ್ಕದಿಂದ ಬರುತ್ತದೆ. ಆ ದಾರಿಯಲ್ಲಿ ಹಿಂದುಳಿದ ಕಣಗಳು ಆಕಾಶದಲ್ಲಿ ಬಾಲಚುಕ್ಕಿಗೂ ಮುಳುಗಿದ ಸೂರ್ಯನಿಗೂ ನಡುವೆ ಕಾಣುತ್ತವೆ. ಅವು ಸೂರ್ಯನ ಕಡೆ ಚಿಮ್ಮಿಲ್ಲ. ಬಾಲಚುಕ್ಕಿಯ ಹಿಂದೆ ಸಾಲು ಹಿಡಿದು ಬರುತ್ತಿವೆ, ನಾವು ನಿಂತ ಜಾಗದಿಂದ ಹಾಗೆ ಕಾಣುತ್ತದೆ. ಅಯ್ಯೋ, ಹಾಗಾದರೆ ಇದು ಬರೀ ಭ್ರಮೆಯಾ ಅಂತ ಮಕ್ಕಳು ಕೇಳಬಹುದು. ಧೂಳು ನಿಜ, ದಿಕ್ಕು ಮಾತ್ರ ನೋಟದ್ದು. ಮೇಲೆದ್ದ ದೊಡ್ಡ ಬಾಲ ಸಣ್ಣ ಕಣಗಳದ್ದು, ಕೆಳಗಿನ ಸೂಜಿ ದಪ್ಪ ಕಣಗಳದ್ದು. ಬೀಟಾ ಬೇರೆ ಆದದ್ದಕ್ಕೆ ಎರಡು ಬೇರೆ ಕಡೆ ಕಂಡವು. 1957ರ ಏಪ್ರಿಲ್‌ನಲ್ಲಿ ಆರೆಂಡ್-ರೋಲಾಂಡ್ ಧೂಮಕೇತುವಿಗೂ ಹೀಗೇ ಸೂಜಿ ಬಂದಿತ್ತು. ಫಿನ್ಸನ್ ಮತ್ತು ಪ್ರಾಬ್‌ಸ್ಟೀನ್ 1968ರಲ್ಲಿ ಧೂಳಿನ ಬಾಲವನ್ನು ಲೆಕ್ಕ ಹಾಕುವ ವಿಧಾನ ಕಟ್ಟಿದಾಗ ಅದೇ ಧೂಮಕೇತುವಿನ ಮೇಲೆ ಪ್ರಯೋಗಿಸಿದರು. ಇವತ್ತಿಗೂ ನಾವು ಅವರ ದಾರಿಯಲ್ಲೇ ಲೆಕ್ಕ ಶುರು ಮಾಡುತ್ತೇವೆ.

ಈ ವಿವರಣೆ ಸರಿಯಾ ಅಂತ ಪರೀಕ್ಷಿಸುವುದೂ ಸುಲಭ. ಅದು ನಿಜವಾಗಿ ಸೂರ್ಯನ ಕಡೆ ಚಿಮ್ಮಿದ ಧೂಳಾಗಿದ್ದರೆ ದಿನಗಟ್ಟಲೆ ಹಾಗೇ ಕಾಣಬೇಕಿತ್ತು. ಆದರೆ ಭೂಮಿ ಸಮತಲ ದಾಟಿ ಮುಂದೆ ಹೋದ ಹಾಗೆ ಸೂಜಿ ಅಗಲವಾಗುತ್ತಾ ಮಸುಕಾಗುತ್ತದೆ. ದಿನಾಂಕ ಇರುವ ನಾಲ್ಕೈದು ಫೋಟೋ ಸಾಲಾಗಿ ಇಟ್ಟರೆ ಮಕ್ಕಳೇ ಹೇಳಿಬಿಡುತ್ತಾರೆ.

ತರಗತಿಯಲ್ಲಿ ಏನು ಮಾಡಬಹುದು

ಫ್ಯಾನು ಮತ್ತು ರಿಬ್ಬನ್ ಎರಡು ನಿಮಿಷದ ಮಟ್ಟಿಗೆ ಪರವಾಗಿಲ್ಲ. ರಿಬ್ಬನ್ ಹಿಡಿದ ಹುಡುಗಿ ಫ್ಯಾನಿನ ಕಡೆ ನಡೆದರೂ, ಫ್ಯಾನಿನಿಂದ ದೂರ ನಡೆದರೂ ರಿಬ್ಬನ್ ಒಂದೇ ಕಡೆ ಹಾರುತ್ತದೆ. ಬಾಲ ಮುಂದೆಯೂ ಇರಬಹುದು ಅನ್ನುವುದು ಮನಸ್ಸಿಗೆ ಬರುತ್ತದೆ. ಅಪಾಯ ಏನೆಂದರೆ ಮಕ್ಕಳ ತಲೆಯಲ್ಲಿ "ಗಾಳಿ" ಉಳಿದುಬಿಡುತ್ತದೆ. ರಿಬ್ಬನ್ ಒಂದು ತುದಿಯಲ್ಲಿ ಕಟ್ಟಿರುತ್ತದೆ, ಧೂಳಿಗೆ ಯಾವ ಕಟ್ಟೂ ಇಲ್ಲ. ಬಾಲ ಬಾಗುವುದನ್ನಂತೂ ಅದು ತೋರಿಸುವುದಿಲ್ಲ. ತೋರಿಸುವುದಾದರೆ ಕೊನೆಗೆ, "ಇಲ್ಲಿ ಯಾವುದು ತಪ್ಪು ಹೇಳಿ" ಅಂತ ಅವರನ್ನೇ ಕೇಳಿ.

ಕೆಲವು ಶಾಲೆಗಳ ಪ್ರಯೋಗಾಲಯದಲ್ಲಿ ಗಾಜಿನ ಬಲ್ಬಿನೊಳಗೆ ನಾಲ್ಕು ರೆಕ್ಕೆಯ ಚಕ್ರವಿರುವ ರೇಡಿಯೋಮೀಟರ್ ಇರುತ್ತದೆ. ರೆಕ್ಕೆಯ ಒಂದು ಬದಿ ಕಪ್ಪು, ಇನ್ನೊಂದು ಬಿಳಿ ಅಥವಾ ಹೊಳಪು. ಬಿಸಿಲಿಗಿಟ್ಟರೆ ತಿರುಗುತ್ತದೆ. ದಯವಿಟ್ಟು ಅದನ್ನು ಬೆಳಕಿನ ತಳ್ಳು ಅಂತ ತೋರಿಸಬೇಡಿ. ಎಷ್ಟೋ ಕಡೆ ಈ ತಪ್ಪನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತದೆ, ಅದು ಉಲ್ಟಾ ತಿರುಗುತ್ತಿರುತ್ತದೆ. ಹೊಳೆಯುವ ಬದಿಯಿಂದ ಬೆಳಕು ವಾಪಸ್ ಪುಟಿಯುತ್ತದೆ. ಹಾಗಾಗಿ ಬೆಳಕು ತಳ್ಳುವುದಾದರೆ ಹೊಳೆಯುವ ಬದಿಯೇ ಜಾಸ್ತಿ ಹಿಂದೆ ಸರಿಯಬೇಕು. ಆದರೆ ಇಲ್ಲಿ ಹಿಂದೆ ಸರಿಯುವುದು ಕಪ್ಪು ಬದಿ. ಕಪ್ಪು ಬದಿ ಬಿಸಿಯಾಗಿ, ಬಲ್ಬಿನಲ್ಲಿ ಉಳಿದಿರುವ ಸ್ವಲ್ಪ ಗಾಳಿ ಆ ಕೆಲಸ ಮಾಡುತ್ತದೆ. ಲೆಬೆದೆವ್‌ಗೂ ಇದೇ ತೊಡಕು ಎದುರಾಗಿತ್ತು. ಗಾಳಿಯ ಆಟ ಬೆಳಕಿನ ತಳ್ಳನ್ನು ಮುಚ್ಚಿಹಾಕುತ್ತಿತ್ತು. ತುಂಬಾ ತೆಳುವಾದ ಲೋಹದ ರೆಕ್ಕೆ ಬಳಸಿ, ಗಾಳಿಯನ್ನು ಆದಷ್ಟೂ ಹೊರತೆಗೆದ ಮೇಲೆಯೇ ಅವನಿಗೆ ಅಳತೆ ಸಿಕ್ಕಿದ್ದು. ಶಾಲೆಯಲ್ಲಿ ಬೆಳಕಿನ ತಳ್ಳನ್ನು ಕಣ್ಣಿಗೆ ತೋರಿಸುವ ಸುಲಭದ ದಾರಿ ಇಲ್ಲ. ಮಕ್ಕಳಿಗೆ ಅದನ್ನು ಹಾಗೇ ಹೇಳಿದರೆ ಏನೂ ನಷ್ಟವಿಲ್ಲ.

ನನ್ನನ್ನು ಕೇಳಿದರೆ ಗ್ರಾಫ್ ಹಾಳೆ ತೆಗೆಯಿರಿ. ಮಧ್ಯದಲ್ಲಿ ಕೆಳಗೆ ಒಂದು ಚುಕ್ಕಿ ಇಡಿ, ಅದು ಬಾಲಚುಕ್ಕಿ. ಸೂರ್ಯ ಹಾಳೆಯ ಕೆಳಗಡೆ, ಹೊರಗೆಲ್ಲೋ ಇದ್ದಾನೆ. ಬಾಲಚುಕ್ಕಿ ಬಲಕ್ಕೆ ಹೋಗುತ್ತಿದೆ. ಒಂದು ಚೌಕ ಅಂದರೆ 80,000 ಕಿಲೋಮೀಟರ್. ಈಗ ಒಂದು ಮೈಕ್ರಾನ್ ಕಣಗಳನ್ನು ಗುರುತು ಮಾಡಿ. ನಿನ್ನೆ ಹೊರಟ ಕಣ 1 ಚೌಕ ಮೇಲೆ. ಎರಡು ದಿನದ ಹಿಂದಿನದು 4 ಚೌಕ ಮೇಲೆ, ಅರ್ಧ ಚೌಕ ಎಡಕ್ಕೆ. ಮೂರು ದಿನದ್ದು 9 ಮೇಲೆ, ಸುಮಾರು 2 ಎಡಕ್ಕೆ. ನಾಲ್ಕು ದಿನದ್ದು 16 ಮೇಲೆ, 4 ಎಡಕ್ಕೆ. ಐದು ದಿನದ್ದು 25 ಮೇಲೆ, 8 ಎಡಕ್ಕೆ. ಚುಕ್ಕಿಗಳನ್ನು ಸೇರಿಸಿದರೆ ಬಾಗಿದ ಬಾಲ ಬರುತ್ತದೆ.

ಈ ಅಂಕಿಗಳು ಸುಮ್ನೆ ಆರಿಸಿದವಲ್ಲ. ಮೇಲಕ್ಕೆ ಹೋಗುವ ದೂರ ದಿನಗಳ ವರ್ಗದಂತೆ ಬೆಳೆಯುತ್ತದೆ, ಹಿಂದೆ ಬೀಳುವ ದೂರ ದಿನಗಳ ಘನದಂತೆ. ಸೂರ್ಯನಿಗೆ ಅತಿ ಹತ್ತಿರ ಇದ್ದಾಗ ಈ ಬಾಲಚುಕ್ಕಿ ದಿನಕ್ಕೆ ಸುಮಾರು 5.7 ಡಿಗ್ರಿ ತಿರುಗುತ್ತಿತ್ತು. ಎಡಕ್ಕೆ ಹಾಕಿದ ಲೆಕ್ಕ ಅದರಿಂದ ಬಂದದ್ದು. ಐದು ದಿನ ದಾಟಿದರೆ ಈ ಸುಲಭ ಲೆಕ್ಕ ತಪ್ಪತೊಡಗುತ್ತದೆ. ಬಾಲಚುಕ್ಕಿ ಸೂರ್ಯನಿಂದ ದೂರ ಸರಿದು ಎಳೆತವೇ ಬದಲಾಗಿರುತ್ತದೆ. ಅಲ್ಲಿಗೇ ನಿಲ್ಲಿಸಿ. ಆಮೇಲೆ ಹತ್ತು ಮೈಕ್ರಾನ್ ಕಣಗಳಿಗೆ ಪ್ರತಿ ಅಂಕಿಯನ್ನೂ ಹತ್ತರಿಂದ ಭಾಗಿಸಿ ಬೇರೆ ಬಣ್ಣದಲ್ಲಿ ಹಾಕಿಸಿ. ಐದು ದಿನದ ದಪ್ಪ ಕಣ ಎಲ್ಲಿ ಬಂತು, ಒಂದೂವರೆ ದಿನದ ಸಣ್ಣ ಕಣ ಎಲ್ಲಿರಬೇಕು ಅಂತ ಕೇಳಿ. ಎರಡೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಇರುತ್ತವೆ, ಆದರೆ ದಪ್ಪದ್ದು ಜಾಸ್ತಿ ಎಡಕ್ಕೆ ಸರಿದಿರುತ್ತದೆ. ಸೂರ್ಯನ ಕಡೆ ತೋರಿದ ಸೂಜಿಯ ಮೊಳಕೆ ಅಲ್ಲೇ ಇದೆ.

ಮುಂದಿನ ಬಾಲಚುಕ್ಕಿ ಬಂದಾಗ ಮಕ್ಕಳು ಬೆಳಗಿನ ಜಾವ ಬೈನಾಕ್ಯುಲರ್ ಹಿಡಿದು ನಿಲ್ಲುತ್ತಾರೆ. ಸೂರ್ಯ ಹುಟ್ಟುವ ಸಮಯವನ್ನು ಮೊದಲೇ ಬರೆದಿಟ್ಟುಕೊಂಡು, ಅದಕ್ಕೆ ಹತ್ತು ನಿಮಿಷ ಮುಂಚೆ ಬೈನಾಕ್ಯುಲರ್ ನೀವೇ ವಾಪಸ್ ತೆಗೆದುಕೊಳ್ಳಿ. ಅದರಲ್ಲಿ ಒಂದು ಕ್ಷಣ ಸೂರ್ಯ ಕಂಡರೂ ಕಣ್ಣು ಹೋಗುತ್ತದೆ.

ಅಲ್ಲಿಯವರೆಗೆ ನಿಮ್ಮ ಹತ್ತಿರ ಇರುವ ಆ ಎರಡು ಫೋಟೋ ಪ್ರಿಂಟ್ ಹಾಕಿಸಿ. ಬಾಲದ ಮೇಲೆ ಸ್ಕೇಲ್ ಇಟ್ಟು ಗೆರೆಯನ್ನು ಕೆಳಕ್ಕೆ ಎಳೆಯಿರಿ. ಅದು ಸೂರ್ಯ ಇದ್ದ ಜಾಗದ ಹತ್ತಿರಕ್ಕೆ ಹೋಗುತ್ತದೆ, ಆದರೆ ಸರಿಯಾಗಿ ಅದರ ಮೇಲೆ ಬೀಳದೆ ಕೊಂಚ ತಪ್ಪಬಹುದು. ಎಷ್ಟು ತಪ್ಪಿತು, ಯಾವ ಬದಿಗೆ ತಪ್ಪಿತು ಅಂತ ಮಕ್ಕಳು ಬರೆದುಕೊಳ್ಳಲಿ. ಬಾಲಚುಕ್ಕಿ ಯಾವ ಕಡೆಯಿಂದ ಬಂತು ಅನ್ನುವ ಸುಳಿವು ಆ ತಪ್ಪಿದ ಗೆರೆಯಲ್ಲೇ ಇದೆ.